ಪುಣೆಯ ಚಳಿಯಲ್ಲಿ ಹೆಪ್ಪು

"ಕಾಕು, ನಿನ್ನೆ ರಾತ್ರಿ ಅರ್ಧ ಲೀಟರ್ ಹಾಲಿಗೆ ಎರಡು ದೊಡ್ಡ ಚಮಚ ಹೆಪ್ಪು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ನೀರು ನೀರಾಗಿದೆ, ಚಮಚ ಎತ್ತಿದರೆ ನೂಲು ನೂಲಾಗಿ ಬರುತ್ತದೆ. ಹೆಪ್ಪು ಇನ್ನೂ ಜಾಸ್ತಿ ಹಾಕಬೇಕಾ?"

ಇಲ್ಲ ಪುಟ್ಟಿ, ಜಾಸ್ತಿ ಹಾಕಬೇಡ. ಎರಡು ದೊಡ್ಡ ಚಮಚವೇ ಬಹಳ ಆಯಿತು. ಮೆಸೇಜ್ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳು.

ಪಾತ್ರೆ ರಾತ್ರಿಯೆಲ್ಲಾ ಎಲ್ಲಿತ್ತು? ಅಡುಗೆ ಕಟ್ಟೆಯ ಗ್ರಾನೈಟ್ ಮೇಲೆ, ಸ್ಟೀಲ್ ಪಾತ್ರೆಯಲ್ಲಿ ಅಲ್ವಾ? ಡಿಸೆಂಬರ್‌ನಲ್ಲಿ ಪುಣೆಯ ರಾತ್ರಿ 10-12 ಡಿಗ್ರಿಗೆ ಇಳಿಯುತ್ತದೆ. ಕಲ್ಲು ಪಾತ್ರೆಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಧಾರವಾಡದಿಂದ ಬಂದ ಮೊದಲ ಚಳಿಗಾಲ ನನಗೂ ಹೀಗೇ ಆಗಿತ್ತು. ನಾನೂ ದಿನಾ ಒಂದೊಂದು ಚಮಚ ಏರಿಸುತ್ತಾ ಹೋದೆ. ಹುಳಿ ಬಂತು, ಗಟ್ಟಿ ಮಾತ್ರ ಆಗಲಿಲ್ಲ. ಆಮೇಲೆ ಅಡುಗೆಗೆ ಬಳಸುವ ಥರ್ಮಾಮೀಟರ್ ತಂದು ಹಾಲಿಗೆ ಇಟ್ಟು ನೋಡಿದೆ. ಹೆಪ್ಪು ಹಾಕುವಾಗ 42 ಡಿಗ್ರಿ ಇದ್ದ ಹಾಲು ಒಂದು ಗಂಟೆಯಲ್ಲಿ 31ಕ್ಕೆ ಬಂದಿತ್ತು. ತಪ್ಪು ಎಲ್ಲಿದೆ ಅಂತ ಅವತ್ತು ಗೊತ್ತಾಯಿತು.

ಹೆಪ್ಪಿನಲ್ಲಿ ಇರುವುದು ಜೀವ ಇರುವ ಬ್ಯಾಕ್ಟೀರಿಯಾ. ಅವು ಹಾಲಿನ ಸಕ್ಕರೆ ತಿಂದು ಹುಳಿ ಬಿಡುತ್ತವೆ, ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ. ಬೆಚ್ಚಗಿದ್ದರೆ ಅವು ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎರಡು ಪಟ್ಟಾಗುತ್ತವೆ. ಅಂದರೆ ನೀನು ಒಂದರ ಬದಲು ಎರಡು ಚಮಚ ಹಾಕಿದರೆ ಉಳಿಯುವುದು ಆ ಅರ್ಧ ಮುಕ್ಕಾಲು ಗಂಟೆ ಮಾತ್ರ. ಪಾತ್ರೆ ತಣ್ಣಗಾದರೆ ಹೋಗುವುದು ಇಡೀ ರಾತ್ರಿ.

ಇನ್ನು ಆ ನೂಲು. ಹೆಪ್ಪಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಇರುವುದಿಲ್ಲ. ಬಿಸಿಯಲ್ಲಿ ಚುರುಕಾಗಿ ಬೆಳೆಯುವವು ಕೆಲವು, 20-30 ಡಿಗ್ರಿಯಲ್ಲೇ ಆರಾಮಾಗಿ ಬೆಳೆಯುವವು ಕೆಲವು. ಅವುಗಳಲ್ಲಿ ಲೋಳೆ ಬಿಡುವವೂ ಇವೆ. ಹಾಲು ತಣ್ಣಗಾದಾಗ ಅವುಗಳ ಕೈ ಮೇಲಾಗುತ್ತದೆ. ಮರುದಿನ ಅದೇ ಮೊಸರಿನಿಂದ ಹೆಪ್ಪು ಹಾಕಿದರೆ ಅವೇ ಮುಂದುವರಿಯುತ್ತವೆ. ಅದಕ್ಕೇ ಒಮ್ಮೆ ಲೋಳೆ ಬಂದ ಮನೆಯಲ್ಲಿ ವಾರಗಟ್ಟಲೆ ಲೋಳೆ ಹೋಗುವುದಿಲ್ಲ. ವಾಸನೆ ಚೆನ್ನಾಗಿದ್ದರೆ ಇವತ್ತಿನದನ್ನು ಎಸೆಯಬೇಡ, ಮಜ್ಜಿಗೆ ಸಾರು ಮಾಡು. ಕೆಟ್ಟ ವಾಸನೆ ಇದ್ದರೆ, ಗುಲಾಬಿ ಬಣ್ಣ ಅಥವಾ ಬೂಷ್ಟು ಕಂಡರೆ ಚೆಲ್ಲಿಬಿಡು. ಹೇಗೇ ಇರಲಿ, ಅದನ್ನು ಹೆಪ್ಪಿಗೆ ಮಾತ್ರ ಇಡಬೇಡ.

ಹೊಸ ಹೆಪ್ಪು ಬೇಕು. ನಿಮ್ಮ ಕಡೆಯ ಡೇರಿ ಅಂಗಡಿಯಲ್ಲಿ "ವಿರಜಣ" ಅಂತ ಕೇಳು, ಇಲ್ಲಿ ಹೆಪ್ಪಿಗೆ ಹಾಗೇ ಹೇಳುತ್ತಾರೆ. ಅವತ್ತಿನ ಬಿಡಿ ಮೊಸರು ಎರಡು ಚಮಚ ಕೊಟ್ಟರೆ ಸಾಕು.

ಈಗ ಇವತ್ತು ಸಂಜೆಯ ಕೆಲಸ ಹೇಳುತ್ತೇನೆ. ಹಾಲನ್ನು ಸುಮ್ನೆ ಬೆಚ್ಚಗೆ ಮಾಡಿ ಇಳಿಸಬೇಡ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ ಆಗಿರುತ್ತದೆ, ಮತ್ತೆ ಯಾಕೆ ಕುದಿಸಬೇಕು ಅಂತ ಬಹಳ ಮಂದಿ ಬಿಡುತ್ತಾರೆ. ಡೇರಿಯಲ್ಲಿ ಅದನ್ನು 72 ಡಿಗ್ರಿಯಲ್ಲಿ ಹದಿನೈದು ಸೆಕೆಂಡ್ ಕಾಯಿಸಿರುತ್ತಾರೆ ಅಷ್ಟೆ. ಕುಡಿಯಲು ಅದು ಸಾಕು, ಗಟ್ಟಿ ಮೊಸರಿಗೆ ಸಾಲದು. ಹಾಲಿನಲ್ಲಿ ಒಂದು ಪ್ರೋಟೀನ್ ನೀರಿನ ಭಾಗದಲ್ಲಿ ಕರಗಿ ಇರುತ್ತದೆ. 85-90 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಕಾದರೆ ಅದು ಮೊಸರು ಕಟ್ಟುವ ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಎರಡೂ ಸೇರಿ ನೀರನ್ನು ಹಿಡಿದಿಡುತ್ತವೆ. ಆದ್ದರಿಂದ ಹಾಲು ಉಕ್ಕಿದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಸೌಟು ಆಡಿಸುತ್ತಾ ಹತ್ತು ನಿಮಿಷ ಇಡು. ನೀನು ತರುವುದು ಆಕಳ ಹಾಲು. ಎಮ್ಮೆ ಹಾಲಿನಷ್ಟು ಗಟ್ಟಿ ಅದರಲ್ಲಿ ಬರುವುದಿಲ್ಲ, ಅದನ್ನು ತಪ್ಪು ಅಂದುಕೊಳ್ಳಬೇಡ. ಆದರೂ ಈ ಹತ್ತು ನಿಮಿಷದಿಂದ ವ್ಯತ್ಯಾಸ ಖಂಡಿತ ಕಾಣುತ್ತದೆ.

ಆಮೇಲೆ ಆರಲು ಬಿಡು. ಚಳಿಗಾಲದಲ್ಲಿ 43-44 ಡಿಗ್ರಿ ಇರುವಾಗ ಹೆಪ್ಪು ಹಾಕಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಕಿರುಬೆರಳು ಅದ್ದಿ ನಿಧಾನ ಹತ್ತು ಎಣಿಸು. ಬಿಸಿ ಅನ್ನಿಸಬೇಕು, ಆದರೆ ಬೆರಳು ತೆಗೆಯಬೇಕು ಅನ್ನಿಸಬಾರದು. ಐದು ಎಣಿಸುವುದರೊಳಗೆ ತೆಗೆದುಬಿಟ್ಟೆ ಅಂದರೆ ಇನ್ನೂ ಆರಬೇಕು. 50 ದಾಟಿದ ಹಾಲಿನಲ್ಲಿ ಹೆಪ್ಪು ಸಾಯಲು ಶುರುವಾಗುತ್ತದೆ, ಆಗಲೂ ಬೆಳಿಗ್ಗೆ ನೀರೇ ಸಿಗುತ್ತದೆ. ಆದರೆ ಅದರಲ್ಲಿ ಹುಳಿಯೇ ಇರುವುದಿಲ್ಲ, ರುಚಿ ನೋಡಿದರೆ ಹಾಲಿನಂತೆಯೇ ಇರುತ್ತದೆ. ತಣ್ಣಗಾಗಿ ಕೆಟ್ಟಿತೋ ಬಿಸಿಯಾಗಿ ಕೆಟ್ಟಿತೋ ಅಂತ ತಿಳಿಯಲು ಇದೇ ಗುರುತು.

ಹೆಪ್ಪು ಅರ್ಧ ಲೀಟರಿಗೆ ಒಂದು ಚಹಾ ಚಮಚ, ಈ ಚಳಿಗೆ ಬೇಕಾದರೆ ಒಂದೂವರೆ. ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಡು. ಬಟ್ಟಲಲ್ಲಿ ಗಂಟಿಲ್ಲದಂತೆ ಕದಡಿ, ಎರಡು ಚಮಚ ಹಾಲು ಸೇರಿಸಿ, ಆಮೇಲೆ ಪೂರ್ತಿ ಹಾಲಿಗೆ ಹಾಕಿ ತಳದವರೆಗೆ ಕಲಸು. ಹಾಗೇ ಒಂದು ಮುದ್ದೆ ಹಾಕಿದರೆ ಅದು ತಳದಲ್ಲಿ ಕೂತು ಅಲ್ಲಿ ಮಾತ್ರ ಗಟ್ಟಿಯಾಗುತ್ತದೆ.

ಮುಖ್ಯ ಕೆಲಸ ಇನ್ನು ಮುಂದೆ. ನಿನ್ನ ಹತ್ತಿರ ಚಪಾತಿ ಇಡುವ ಹಾಟ್‌ಕೇಸ್ ಇದೆಯಲ್ಲ, ಅದಕ್ಕೆ ಬಿಸಿ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲು. ಹೆಪ್ಪು ಹಾಕಿದ ಹಾಲನ್ನು ಅದರೊಳಗೇ ಸುರಿದು ಮುಚ್ಚಿ, ದಪ್ಪ ಟವಲ್ ಸುತ್ತಿ ಕಪಾಟಿನೊಳಗೆ ಇಡು. ನಾನು ಹೀಗೆ ಇಟ್ಟು ಅಳೆದಾಗ ಒಂದು ಗಂಟೆ ಆದ ಮೇಲೂ 39 ಇತ್ತು, ಮೂರು ಗಂಟೆಗೆ 35. ಆರು ಗಂಟೆಯಲ್ಲಿ ಮೊಸರಾಗಿತ್ತು. ಮೊದಲ ನಾಲ್ಕು ಗಂಟೆ ಬೆಚ್ಚಗೆ ಉಳಿದರೆ ಕೆಲಸ ಆದಂತೆ.

ನಡುವೆ ಮುಚ್ಚಳ ತೆಗೆದು ಅಲ್ಲಾಡಿಸಿ ನೋಡಬೇಡ. ಅರ್ಧ ಕಟ್ಟಿದ ಮೊಸರು ಒಮ್ಮೆ ಒಡೆದರೆ ಮತ್ತೆ ಕೂಡುವುದಿಲ್ಲ, ಒಡೆದಲ್ಲಿ ನೀರು ನಿಲ್ಲುತ್ತದೆ. ಹಾಗೆಯೇ ಗಟ್ಟಿಯಾದ ಮೇಲೆ ಸುಮ್ನೆ ಹೊರಗೆ ಬಿಡಬೇಡ. ಹುಳಿ ಹೆಚ್ಚಾದಂತೆ ಮೊಸರು ಕುಗ್ಗಿ ಹಸಿರು-ಹಳದಿ ನೀರು ಬಿಡುತ್ತದೆ. ಹೆಪ್ಪು ಜಾಸ್ತಿ ಹಾಕಿದಾಗಲೂ ಆಗುವುದು ಅದೇ. ಪಾತ್ರೆಯನ್ನು ಸ್ವಲ್ಪ ಓರೆ ಮಾಡಿದಾಗ ಮೊಸರು ಅಂಚು ಬಿಡದೆ ಒಂದೇ ಗಡ್ಡೆಯಾಗಿ ನಿಂತರೆ ಆಯಿತು, ಫ್ರಿಜ್‌ಗೆ ಇಡು. ಎರಡು ಮೂರು ಗಂಟೆಯಲ್ಲಿ ಇನ್ನೂ ಬಿಗಿಯಾಗುತ್ತದೆ. ನೀನು ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ನಾಲ್ಕಕ್ಕೆ ಏಳುವವಳಲ್ಲ. ಅದಕ್ಕೆ ಸಂಜೆ ಐದೂವರೆಗೆ ಹಾಕು, ಮಲಗುವ ಮೊದಲು ಒಳಗಿಡಬಹುದು.

ಮೇ ತಿಂಗಳಲ್ಲಿ ಇದೆಲ್ಲಾ ತಿರುಗಿ ಹಾಕಬೇಕು. ಆಗ ಹಾಲು ಬರೀ ಉಗುರು ಬೆಚ್ಚಗೆ, ಹೆಪ್ಪು ಅರ್ಧ ಚಮಚ, ಟವಲ್ ಬೇಡವೇ ಬೇಡ.

ಹೊಸ ಹೆಪ್ಪಿನ ಮೊದಲ ಮೊಸರು ಸ್ವಲ್ಪ ಸಡಿಲ ಬಂದರೆ ಗಾಬರಿಯಾಗಬೇಡ. ಅದರಿಂದಲೇ ಇನ್ನೆರಡು ಸಲ ಬೆಚ್ಚಗೆ ಇಟ್ಟು ಮಾಡು, ಮೂರನೆಯದು ಗಟ್ಟಿ ಬರುತ್ತದೆ. ಡೇರಿಯಲ್ಲಿ ಸಿಗದಿದ್ದರೆ ಶನಿವಾರ ಕೋಥ್ರೂಡ್‌ಗೆ ಬಾ, ನಮ್ಮ ಮನೆಯದು ಕೊಡುತ್ತೇನೆ. ಬರುವಾಗ ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿ ತಾ.