ಎನ್‌ಪಿಎಸ್‌ಗಾಗಿ ಬೇಸಿಕ್ ಜಾಸ್ತಿ ಮಾಡಿಸ್ಬೇಕಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಸ್ಯಾಲರಿ ಸ್ಟ್ರಕ್ಚರ್ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ. ನಂದು 2025-26ಕ್ಕೆ ಹೊಸ ರೆಜೀಮ್, ಸಿಟಿಸಿ 20 ಲಕ್ಷ, ಅದ್ರಲ್ಲಿ ಬೇಸಿಕ್ 10 ಲಕ್ಷ, ಕಂಪನಿ ಪಿಎಫ್ 1.2 ಲಕ್ಷ, ಉಳಿದಿದ್ದೆಲ್ಲಾ ಅಲೊವೆನ್ಸು. ಈಗ ಎಚ್‌ಆರ್ ನವ್ರು ಸ್ಪೆಷಲ್ ಅಲೊವೆನ್ಸ್ ಕಡಿಮೆ ಮಾಡಿ ಬೇಸಿಕ್‌ನ 14% ಅಂದ್ರೆ 1.4 ಲಕ್ಷ ಕಂಪನಿ ಕಡೆಯಿಂದ್ಲೇ ಎನ್‌ಪಿಎಸ್‌ಗೆ ಹಾಕ್ತೀವಿ ಅಂತಿದಾರೆ.

ನಾನು ಲೆಕ್ಕ ಹಾಕ್ದೆ. ಸಿಟಿಸಿಲಿ ಕಂಪನಿ ಪಿಎಫ್, ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಎರಡೂ ಕಳೆದ್ಮೇಲೆ ಟ್ಯಾಕ್ಸ್ ಬೀಳೋದು 18.05 ಲಕ್ಷದ ಮೇಲೆ, ಈ 1.4 ಲಕ್ಷ ಪೂರ್ತಿ 20% ಸ್ಲ್ಯಾಬಲ್ಲೇ ಇದೆ, ಸೆಸ್ ಸೇರಿ 29,120 ಉಳಿಯತ್ತೆ. ಆದ್ರೆ ಕೈಗೆ ಬರೋದು ತಿಂಗಳಿಗೆ 9,240 ಕಮ್ಮಿ ಆಗತ್ತೆ, ಆ ದುಡ್ಡು ಬೇಕಂದಾಗ ತೆಗೆಯೋಕೂ ಆಗಲ್ಲ. ಇದಕ್ಕೆ ನಾನು ರೆಡಿ, ಯಾಕಂದ್ರೆ ನಾನೇ ಸ್ವಂತವಾಗಿ ಎನ್‌ಪಿಎಸ್‌ಗೆ ಹಾಕಿದ್ರೆ ಹೊಸ ರೆಜೀಮಲ್ಲಿ ಡಿಡಕ್ಷನ್ ಸಿಗಲ್ಲ, ಕಂಪನಿ ಹಾಕಿದ್ರೆ ಮಾತ್ರ 80ಸಿಸಿಡಿ(2)ಲಿ ಸಿಗತ್ತೆ.

ಗೊಂದಲ ಇರೋದು ಮುಂದಿನದ್ರಲ್ಲಿ. ಬೇಸಿಕ್‌ನ 12 ಲಕ್ಷ ಮಾಡಿಸ್ಕೊಂಡ್ರೆ ಎನ್‌ಪಿಎಸ್ ಇನ್ನೂ 28,000 ಹೋಗತ್ತೆ ಸರಿ, ಅದ್ರಿಂದ ಉಳಿಯೋ ಟ್ಯಾಕ್ಸ್ ಬರೀ 5,824. ನಮ್ಮಲ್ಲಿ ಪಿಎಫ್ ಪೂರ್ತಿ ಬೇಸಿಕ್ ಮೇಲೆ ಕಟ್ ಆಗೋದ್ರಿಂದ ಕಂಪನಿ ಪಾಲು 24,000 ನನ್ನ ಪಾಲು 24,000 ಎರಡೂ ಏರತ್ತೆ, ನನ್ನ ಪಾಲಿಗೆ ಹೊಸ ರೆಜೀಮಲ್ಲಿ ಟ್ಯಾಕ್ಸ್ ರಿಯಾಯ್ತಿನೂ ಇಲ್ಲ. ಹಾಗಾಗಿ ಬೇಸಿಕ್ ಮುಟ್ಟದೇ ಇರೋದೇ ವಾಸಿ ಅನ್ಸತ್ತೆ.

ಬೇಸಿಕ್ ಏರಿಸಿದ್ರೂ ಪಿಎಫ್‌ನ ಹಳೇ ಮೊತ್ತದಲ್ಲೇ ನಿಲ್ಲಿಸೋಕೆ ನಿಮ್ಮಲ್ಲಿ ಯಾರಿಗಾದ್ರೂ ಪೇರೋಲ್ ನವ್ರು ಒಪ್ಪಿದಾರಾ? ವರ್ಷದ ಮಧ್ಯೆ ಎನ್‌ಪಿಎಸ್ ಶುರು ಮಾಡ್ದೋರು ಪೇಸ್ಲಿಪ್‌ನಲ್ಲಿ, ಫಾರ್ಮ್ 16ರಲ್ಲಿ ಹೇಗೆ ತೋರಿಸಿದ್ರು ಅಂತನೂ ಹೇಳಿ ಪ್ಲೀಸ್, ಈ ವಾರ ಡಿಕ್ಲರೇಷನ್ ಕೊಡ್ಬೇಕು.