‘ಛಿ’ ಅಂದರೆ ಶಕ್ತಿಯಾ? ಬಿಕ್ಕಳಿಕೆಯ ಸಾಲಿನಲ್ಲಿ ಸಿಕ್ಕಿಬಿದ್ದೆ

ಪ್ರಶ್ನೆ: ಅಕ್ಯುಪಂಕ್ಚರ್ ಬಗ್ಗೆ ಒಂದು ಪುಸ್ತಿಕೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ‘ಚಿ ಎಂದರೆ ಎನರ್ಜಿ’ ಎಂದು ಮೊದಲ ಪುಟದಲ್ಲೇ ಇದೆ. ಹಾಗಾಗಿ ಎಲ್ಲ ಕಡೆ ‘ಶಕ್ತಿ’ ಎಂದು ಹಾಕಿಕೊಂಡು ಹೋದೆ. ‘ಹೊಟ್ಟೆಯ ಶಕ್ತಿ ತಿರುಗಿಬಿದ್ದರೆ ಬಿಕ್ಕಳಿಕೆ ಬರುತ್ತದೆ’ ಅನ್ನೋ ಸಾಲು ಬಂದಾಗ ನನಗೇ ನಗು ಬಂತು. ಚೀನೀ ಬಲ್ಲವರು ಹೇಳಿ, ಇಲ್ಲಿ ಯಾವ ಪದ ಸರಿ?

ಚೀನೀ ದುಭಾಷಿಯ ಉತ್ತರ: ಮೇಡಂ, ನಿಮ್ಮ ನಗು ಸರಿಯಾದ ಜಾಗದಲ್ಲೇ ಬಂದಿದೆ. ಮೊದಲು ಉಚ್ಚಾರ. ಅದು ‘ಚಿ’ ಅಲ್ಲ, ‘ಛಿ’. ದನಿ ಮೇಲಿಂದ ಕೆಳಕ್ಕೆ ಜಾರಬೇಕು. ನಮ್ಮಜ್ಜಿ ಹೊಸಿಲ ಮೇಲೆ ಕೂತವರಿಗೆ ‘ಛೀ’ ಅನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆಯೇ.

ಈ ಪದ ಚೀನಾದಲ್ಲಿ ವೈದ್ಯರ ಸೊತ್ತಲ್ಲ. ದಿನಕ್ಕೆ ನೂರು ಸಲ ಬಾಯಿಗೆ ಬರುವ ಮಾತು. ‘ಆಕಾಶದ ಛಿ’ ಅಂದರೆ ಹವಾಮಾನ. ‘ಛಿ ಹುಟ್ಟಿತು’ ಅಂದರೆ ಸಿಟ್ಟು ಬಂತು. ‘ಛಿ ಕಡಿಯಿತು’ ಅಂದರೆ ಉಸಿರು ನಿಂತಿತು, ಸತ್ತರು ಅಂತ. ಊಟಕ್ಕೆ ಕೂತವರು ನಾಚಿಕೊಂಡರೆ ‘ಅತಿಥಿ ಛಿ ಬೇಡ’ ಅನ್ನುತ್ತಾರೆ, ಅಂದರೆ ಸಂಕೋಚ ಬೇಡ, ಬಡಿಸಿಕೊಳ್ಳಿ ಅಂತ. ಒಲೆಗೆ ಬರುವ ಗ್ಯಾಸಿಗೂ ಇದೇ ಪದ. ಇವುಗಳಲ್ಲಿ ಒಂದಕ್ಕಾದರೂ ‘ಶಕ್ತಿ’ ಹಾಕಿ ನೋಡಿ, ಕೂರುವುದಿಲ್ಲ. ಇನ್ನೊಂದು ಮಾತು. ಶಾಲೆಯ ಭೌತಶಾಸ್ತ್ರದಲ್ಲಿ ಬರುವ ಎನರ್ಜಿಗೆ ಚೀನಿಯರು ಛಿ ಅನ್ನುವುದೇ ಇಲ್ಲ. ಅದಕ್ಕೆ ‘ನೆಂಗ್‌ಲಿಯಾಂಗ್’ ಅನ್ನೋ ಬೇರೆ ಪದ ಇದೆ.

ಹಾಗಾದರೆ ಎನರ್ಜಿ ಎಲ್ಲಿಂದ ಬಂತು? ಜಾಸ್ತಿ ಪಾಲು ಫ್ರಾನ್ಸಿನಿಂದ. ಸೂಲಿಯೆ ದ ಮೊರಾಂ ಎನ್ನುವವರು ಚೀನಾದಲ್ಲಿ ಫ್ರೆಂಚ್ ರಾಜತಾಂತ್ರಿಕರಾಗಿದ್ದರು. ಸೂಜಿ ಚಿಕಿತ್ಸೆಯ ಬಗ್ಗೆ ಅವರ ದೊಡ್ಡ ಪುಸ್ತಕ 1939ರಲ್ಲಿ ಬರತೊಡಗಿತು. ಅದರಲ್ಲಿ ಛಿ ಇದ್ದ ಕಡೆ ‘ಎನರ್ಜಿ’ ಬಂತು, ಆಮೇಲೆ ಎಲ್ಲರೂ ಅದನ್ನೇ ಹಿಡಿದರು.

ಶಕ್ತಿ ಅಂದ ಕೂಡಲೇ ನಾವು ಬ್ಯಾಟರಿ ಥರ ಯೋಚಿಸುತ್ತೇವೆ: ಇದೆ ಅಥವಾ ಇಲ್ಲ, ಜಾಸ್ತಿ ಅಥವಾ ಕಡಿಮೆ. ಚೀನೀ ವೈದ್ಯರು ಕೇಳುವುದು ‘ಎಷ್ಟಿದೆ’ ಅಂತ ಮಾತ್ರ ಅಲ್ಲ, ‘ಯಾವ ಕಡೆ ಹೋಗುತ್ತಿದೆ, ಎಲ್ಲಿ ನಿಂತಿದೆ’ ಅಂತಲೂ. ಹೊಟ್ಟೆಯ ಛಿ ಕೆಳಗಿಳಿಯಬೇಕು ಅನ್ನುವುದು ಅವರ ಲೆಕ್ಕ. ಅದು ಮೇಲಕ್ಕೆ ಬಂದರೆ ಬಿಕ್ಕಳಿಕೆ, ತೇಗು, ವಾಂತಿ. ನಿಮ್ಮ ಸಾಲು ಹೇಳುವುದು ಇದನ್ನೇ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ನಮ್ಮ ಕಡೆಯವರೊಬ್ಬರನ್ನು ಅಲ್ಲಿನ ವೈದ್ಯರ ಬಳಿ ಕರೆದುಕೊಂಡು ಹೋಗಿದ್ದೆ. ಪಕ್ಕೆಲುಬಿನ ಕೆಳಗೆ ಉಬ್ಬರ, ನೋವು ಇವತ್ತು ಇಲ್ಲಿ ನಾಳೆ ಅಲ್ಲಿ. ಸಿಟ್ಟು ಬಂದ ದಿನ ಜಾಸ್ತಿ, ತೇಗು ಬಂದರೆ ಸ್ವಲ್ಪ ಹಾಯಿ. ವೈದ್ಯರು ‘ಛಿ ನಿಂತುಬಿಟ್ಟಿದೆ’ ಅಂದರು. ನಾನು ‘ನಿಮ್ಮ ಶಕ್ತಿಯಲ್ಲಿ ತೊಂದರೆ ಇದೆಯಂತೆ’ ಅಂದೆ. ಅವರಿಗೆ ಕೇಳಿಸಿದ್ದು ‘ನಿಶ್ಶಕ್ತಿ’. ಕೊಟ್ಟ ಔಷಧಿಯ ಜೊತೆಗೆ ತಾಕತ್ತು ಬರಲಿ ಅಂತ ತಾವೇ ಅಂಗಡಿಯಿಂದ ಜಿನ್ಸೆಂಗ್ ಬೇರು ತಂದು ದಿನಾ ಕುಡಿದರು. ವಾರ ಕಳೆದು ಬಂದಾಗ ಹೊಟ್ಟೆ ಇನ್ನೂ ಬಿಗಿದಿತ್ತು.

ವೈದ್ಯರು ನನ್ನ ಮುಖ ನೋಡಿ, ‘ಬಾಗಿಲು ಮುಚ್ಚಿದ ಕೋಣೆಗೆ ಇನ್ನಷ್ಟು ಜನರನ್ನು ತುಂಬಿದ್ದೀರಿ’ ಅಂದರು. ಛಿ ಕಡಿಮೆಯಾದವರು ಬೇರೆ ಥರ ಇರುತ್ತಾರೆ. ದನಿ ಸಣ್ಣದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸುಮ್ನೆ ಕೂತರೂ ಬೆವರು. ಅವರಿಗೆ ಜಿನ್ಸೆಂಗ್. ನಿಂತ ಛಿಯನ್ನು ಸರಿಸಲು ಹಳೆಯ ಕಿತ್ತಳೆ ಸಿಪ್ಪೆ, ನಮ್ಮ ಗದ್ದೆಯ ಕಳೆಯಾದ ಕೊನ್ನಾರಿ ಗಡ್ಡೆ ಇಂಥವು. ಆ ಪದ್ಧತಿ ನಿಜವಾಗಿ ಎಷ್ಟು ಗುಣ ಕೊಡುತ್ತದೆ ಅನ್ನುವುದು ಬೇರೆ ಚರ್ಚೆ. ಅದರ ಒಳಗಿನ ಲೆಕ್ಕದಲ್ಲೇ ಇವೆರಡೂ ಎದುರುಬದುರು, ನಾನು ಒಂದೇ ಪದದಲ್ಲಿ ಎರಡನ್ನೂ ಮುಚ್ಚಿಬಿಟ್ಟೆ.

ಒಬ್ಬ ಗೃಹಿಣಿ: ಸರ್, ನನಗೂ ಅದೇ ಉಬ್ಬರ, ತೇಗು. ಕೊನ್ನಾರಿ ಗಡ್ಡೆ ಹಿತ್ತಲಲ್ಲೇ ಇದೆ. ಎಷ್ಟು ಕುದಿಸಬೇಕು?

ದುಭಾಷಿ: ಅಕ್ಕಾ, ನಾನು ಮಾತು ದಾಟಿಸುವವನು, ಔಷಧಿ ಕೊಡುವವನಲ್ಲ. ಮೊದಲು ಡಾಕ್ಟರಿಗೆ ತೋರಿಸಿ.

ಒಬ್ಬ ನಿವೃತ್ತ ಮೇಷ್ಟ್ರು: ಆ ಅಕ್ಷರದ ಚಿತ್ರವೇ ಉತ್ತರ ಹೇಳುತ್ತದೆ. ಕೆಳಗೆ ಅಕ್ಕಿ, ಮೇಲೆ ಆವಿ. ಅನ್ನದಿಂದ ಏಳುವ ಶಕ್ತಿ, ಅಷ್ಟೇ.

ದುಭಾಷಿ: ಆವಿ ಸರಿ ಸರ್, ಅಕ್ಕಿಯ ಕಥೆ ಆಮೇಲೆ ಕಟ್ಟಿದ್ದು. ಕ್ರಿ.ಶ. 100ರ ಸುಮಾರಿಗೆ ಶು ಶೆನ್ ಮಾಡಿದ ನಿಘಂಟಿನಲ್ಲಿ ಇವು ಎರಡು ಬೇರೆ ಅಕ್ಷರ. ಅಕ್ಕಿ ಇಲ್ಲದ್ದು ಮೋಡದ ಆವಿ. ಅಕ್ಕಿ ಇರುವುದು ಅತಿಥಿಗಳಿಗೆ ಕೊಡುವ ಮೇವು, ಧಾನ್ಯ. ಮುಂದೆ ಎರಡನೆಯದು ಮೊದಲನೆಯದರ ಅರ್ಥವನ್ನು ಹೊತ್ತುಕೊಂಡಿತು. ಈಗಿನ ಚೀನಾದ ಸರಳ ಬರಹದಲ್ಲಿ ಅಕ್ಕಿ ಬಿಟ್ಟುಹೋಗಿ ಹಳೆಯ ಮೋಡವೇ ವಾಪಸ್ ಬಂದಿದೆ. ತೈವಾನಿನಲ್ಲಿ ಅಕ್ಕಿ ಇನ್ನೂ ಇದೆ.

ತಾಯ್ ಚಿ ಎಂಬ ಚೀನೀ ವ್ಯಾಯಾಮ ಕಲಿಯುತ್ತಿರುವವರು: ನಮ್ಮ ತಾಯ್ ಚಿಯಲ್ಲಿರುವ ಚಿ ಇದೇ ಅಲ್ವಾ? ನಮ್ಮ ಮಾಸ್ಟರ್ ‘ಎನರ್ಜಿಯನ್ನು ಹೊಕ್ಕುಳ ಕೆಳಗೆ ಇಳಿಸಿ’ ಅನ್ನುತ್ತಾರೆ. ಎರಡು ವರ್ಷ ಆಯ್ತು, ನನಗೆ ಏನೂ ಇಳಿದಂತೆ ಅನ್ನಿಸಿಲ್ಲ.

ದುಭಾಷಿ: ಅದು ಬೇರೆ. ಅಲ್ಲಿರುವುದು ‘ಜಿ’, ಕಟ್ಟಕಡೆಯ ತುದಿ ಅಂತ ಅರ್ಥ. ಹಳೆಯ ಇಂಗ್ಲಿಷ್ ಸ್ಪೆಲಿಂಗ್ ಎರಡನ್ನೂ ಒಂದೇ ಥರ ಕಾಣಿಸಿತು. ಆದರೆ ಮಾಸ್ಟರ್ ಹೇಳುವ ಮಾತಿನಲ್ಲಿ ಛಿ ಇದೆ. ಎನರ್ಜಿ ಅಂದಿದ್ದಕ್ಕೆ ನೀವು ಕರೆಂಟಿನ ಥರ ಏನೋ ಹರಿಯಲಿ ಅಂತ ಕಾದಿದ್ದೀರಿ. ಚೀನೀ ವಿದ್ಯಾರ್ಥಿಗೆ ಅದೇ ಮಾತು ಉಸಿರು, ದೇಹದ ಭಾರ, ಗಮನ ಮೂರೂ ಸೇರಿ ಕೇಳಿಸುತ್ತದೆ. ಅವನು ಭುಜ ಸಡಿಲ ಬಿಟ್ಟು ಉಸಿರನ್ನು ಹೊಟ್ಟೆಗೆ ಇಳಿಸುತ್ತಾನೆ. ಪರೀಕ್ಷೆ ಸುಲಭ. ಭುಜ ಏರಿಸಿ, ಎದೆಯಲ್ಲಿ ಉಸಿರು ಹಿಡಿದು ನಿಲ್ಲಿ. ಯಾರಾದರೂ ಎದೆಯನ್ನು ಮೆಲ್ಲಗೆ ತಳ್ಳಲಿ. ಹಿಮ್ಮಡಿಯ ಮೇಲೆ ವಾಲುತ್ತೀರಿ. ಉಸಿರು ಇಳಿಸಿ, ಮಂಡಿ ಸ್ವಲ್ಪ ಮಡಿಸಿ ಮತ್ತೆ ನಿಂತು ನೋಡಿ. ಮುಟ್ಟದೆಯೇ ಜನರನ್ನು ಬೀಳಿಸುವ ವಿಡಿಯೋಗಳನ್ನು ಮಾತ್ರ ನಂಬಬೇಡಿ. ಅಲ್ಲಿ ಬೀಳುವವರು ಅವರ ಶಿಷ್ಯರೇ.

ಒಬ್ಬ ಇಂಜಿನಿಯರ್: ಅಂದರೆ ಅಳೆಯಲಾಗದ್ದು. ಅಳೆಯಲಾಗದ್ದು ಇಲ್ಲ ಅಂತಲೇ ಬರೆಯಿರಿ.

ದುಭಾಷಿ: ಯಾವ ಉಪಕರಣವೂ ಛಿಯನ್ನು ಹಿಡಿದು ತೋರಿಸಿಲ್ಲ, ಒಪ್ಪುತ್ತೇನೆ. ಎನರ್ಜಿ ಅಂದರೆ ಜೂಲ್‌ನಲ್ಲಿ ಅಳೆಯುವುದು, ಹಾಗಾಗಿ ಆ ಅನುವಾದವೇ ಮೀಟರ್ ಇದೆ ಅನ್ನೋ ಭ್ರಮೆ ಹುಟ್ಟಿಸುತ್ತದೆ. ಆದರೆ ‘ಅವನಿಗೆ ದಮ್ ಇಲ್ಲ’ ಅನ್ನುತ್ತೀರಲ್ಲ, ಅದನ್ನು ಯಾವ ಮೀಟರಿನಲ್ಲಿ ಅಳೆದಿರಿ? ನಮ್ಮ ‘ದಮ್’ ಉಸಿರೂ ಹೌದು, ತಾಕತ್ತೂ ಹೌದು, ಧೈರ್ಯವೂ ಹೌದು. ಛಿಗೆ ನನಗೆ ಸಿಕ್ಕಿದ ಅತಿ ಹತ್ತಿರದ ಕನ್ನಡ ಮಾತು ಇದೇ. ಆದರೆ ಮೋಡಕ್ಕೂ ಹವೆಗೂ ದಮ್ ಇಲ್ಲ, ಅಲ್ಲಿ ಅದೂ ಕೈಕೊಡುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ‘ಹೊಟ್ಟೆಯ ವಾಯು ಮೇಲಕ್ಕೇರಿದರೆ ಬಿಕ್ಕಳಿಕೆ’ ಅಂತ ಬರೆಯಲೇ? ಓದುವವರಿಗೆ ತಕ್ಷಣ ಹೊಳೆಯುತ್ತೆ.

ಒಬ್ಬ ಆಯುರ್ವೇದ ವೈದ್ಯೆ: ದಯವಿಟ್ಟು ಬೇಡ. ವಾಯು ಅಂದರೆ ನಮ್ಮಲ್ಲಿ ವಾತ, ಅದರ ಪಕ್ಕದಲ್ಲಿ ಪಿತ್ತ, ಕಫ ಇರುತ್ತವೆ. ಓದುಗರು ಉಳಿದೆರಡನ್ನೂ ಹುಡುಕುತ್ತಾರೆ. ‘ಪ್ರಾಣ’ ಅಂತ ಹಾಕಿದರೆ ಇನ್ನೂ ಕಷ್ಟ. ಒಲೆಯ ಗ್ಯಾಸಿಗೆ ಪ್ರಾಣ ಅನ್ನೋಕಾಗುತ್ತಾ?

ದುಭಾಷಿ: ಈ ಒಂದು ಸಾಲಿಗೆ ವಾಯು ಒಗ್ಗುತ್ತದೆ, ಇಡೀ ಪುಸ್ತಕಕ್ಕೆ ಒಗ್ಗಲ್ಲ. ವೈದ್ಯರು ಹೇಳಿದ್ದು ಸರಿ. ನಾನಾದರೆ ‘ಛಿ’ ಅಂತಲೇ ಬಿಟ್ಟು ಕ್ರಿಯಾಪದದಲ್ಲಿ ಅರ್ಥ ತರುತ್ತೇನೆ: ಇಳಿಯಿತು, ನಿಂತಿತು, ಮೇಲೇರಿತು, ತಗ್ಗಿತು. ‘ತಿರುಗಿಬಿದ್ದರೆ’ ಮಾತ್ರ ತೆಗೆಯಿರಿ, ಅದು ದಂಗೆಯ ಮಾತಾಯಿತು.

ಪ್ರಶ್ನೆ ಕೇಳಿದವರು: ಪ್ರಕಾಶಕರಿಗೆ ಈಗಷ್ಟೇ ಫೋನ್ ಮಾಡಿದೆ. ‘ಪುಟಪುಟಕ್ಕೂ ಛಿ ಛಿ ಅಂತ ಅಚ್ಚು ಹಾಕಲೇ?’ ಅಂತ ಕೇಳುತ್ತಿದ್ದಾರೆ. ನಾಳೆ ಮತ್ತೆ ಬರುತ್ತೇನೆ.