‘ವಿಶೇಷ ಆರ್ಥಿಕ ವಲಯ’ ಅಂದ್ರೆ ಕಡಲಾ, ಕಾರ್ಖಾನೆಯಾ?

ಎಲ್ರಿಗೂ ನಮಸ್ಕಾರ. ಎನ್ರಿಕಾ ಲೆಕ್ಸಿ ಕೇಸಿನ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಿದೀನಿ, ಅದೇ 2012ರ ಫೆಬ್ರವರಿಲಿ ಕೇರಳದಾಚೆ ಇಟಲಿ ಹಡಗಿನಲ್ಲಿದ್ದ ನೌಕಾಸೈನಿಕರು ಗುಂಡು ಹಾರಿಸಿ ಇಬ್ರು ಮೀನುಗಾರರು ಸತ್ತಿದ್ದು. ಜಾಗ ದಡದಿಂದ 20.5 ನಾಟಿಕಲ್ ಮೈಲು. ನಾನು ‘ಭಾರತದ ಜಲಗಡಿಯೊಳಗೆ’ ಅಂತ ಬರೆದೆ, ಎಡಿಟರ್ ಕೆಂಪು ಗೀಟು ಹಾಕಿ ಕಳ್ಸಿದ್ರು. ‘ವಿಶೇಷ ಆರ್ಥಿಕ ವಲಯದಲ್ಲಿ’ ಅಂತ ತಿದ್ದಿದ್ರೆ ಅದು ಎಸ್ಇಝಡ್ ಥರ, ಕಾರ್ಖಾನೆಗೆ ಜಾಗ ಕೊಡೋದು ಅನ್ನಿಸ್ತಿದೆ. ದೇಶದ ಕಡಲ ಹಕ್ಕನ್ನ ಹಂಚೋ 12, 24, 200 ಮೈಲಿನ ಮೂರೂ ಪಟ್ಟಿಗೆ ನೀವೆಲ್ಲ ಏನು ಪದ ಬಳಸ್ತೀರಿ?

*

ಮೇಡಂ, ಪಠ್ಯಪುಸ್ತಕದ ಪದ ಇದ್ಯಲ್ಲ, ಪ್ರಾದೇಶಿಕ ಜಲ, ಸಂಲಗ್ನ ವಲಯ, ಅನನ್ಯ ಆರ್ಥಿಕ ವಲಯ. ಮೊದಲ್ನೇದು 12, ಅದು ಮುಗಿದ ಮೇಲೆ 24, ಆಮೇಲೆ 200, ಒಟ್ಟು 236 ಮೈಲು. 20.5 ಅಂದ್ರೆ ಎರಡನೇ ಪಟ್ಟಿ, ಅಷ್ಟು ಬರೆದ್ರೆ ಸಾಕು.

*

ಸರ್, ಎರಡನೇ ಪಟ್ಟಿ ಅನ್ನೋದು ಸರಿ, ಆದ್ರೆ ಕೂಡಿಸೋ ಲೆಕ್ಕ ಅಲ್ಲ. ಮೂರನ್ನೂ ಅಳೆಯೋದು ಒಂದೇ ಗೆರೆಯಿಂದ. 12ಕ್ಕೆ ಮೊದಲ್ನೇದು ಮುಗಿಯತ್ತೆ, 24ಕ್ಕೆ ಎರಡನೇದು, ಅಂದ್ರೆ ಅದರ ಅಗಲ ಬರೀ 12. ಆರ್ಥಿಕ ವಲಯನೂ 12ರಿಂದಲೇ ಶುರುವಾಗಿ 200ಕ್ಕೆ ನಿಲ್ಲತ್ತೆ, ಹಾಗಾಗಿ 188 ಮೈಲು ಅಗಲ. 20.5 ಮೈಲು ಏಕಕಾಲಕ್ಕೆ ಸಂಲಗ್ನ ವಲಯನೂ ಹೌದು ಆರ್ಥಿಕ ವಲಯನೂ ಹೌದು. ಮೇಡಂ, ನಿಮ್ಮ ಎಡಿಟರ್ ಗೀಟು ಹಾಕಿದ್ದು ಅದಕ್ಕೇ, ಜಲಗಡಿ ಅಂದ್ರೆ ಓದೋರು 12ರ ಒಳಗೆ ಅಂದ್ಕೊಳ್ತಾರೆ, ಈ ಕೇಸಿನ ಜಗಳವೇ ಅದ್ರ ಮೇಲೆ ನಿಂತಿತ್ತು. 2013ರ ಜನವರಿಲಿ ಸುಪ್ರೀಂ ಕೋರ್ಟ್, ಕೇರಳದ ಅಧಿಕಾರ 12ರಾಚೆಗೆ ಇಲ್ಲ, ಇದನ್ನ ಕೇಂದ್ರ ನೋಡ್ಬೇಕು ಅಂತ ಹೇಳ್ತು.

ಇನ್ನು ಆ ಗೆರೆ, ಬೇಸ್‌ಲೈನ್. ಅದು ನೀವು ಕಾಲು ನೆನೆಸೋ ದಡ ಅಲ್ಲ. ಇಳಿತದಲ್ಲಿ ನೀರು ಹಿಂದೆ ಸರಿದು ನಿಲ್ಲೋ ಗೆರೆ, ಸರ್ಕಾರಿ ಸಾಗರ ನಕ್ಷೆಲಿ ಗುರುತು ಮಾಡಿರೋದು. ಕರಾವಳಿ ತುಂಬಾ ಕೊರಕಲಾಗಿದ್ರೆ, ದಡದ ಹತ್ರ ದ್ವೀಪದ ಸಾಲಿದ್ರೆ, ತುದಿಯಿಂದ ತುದಿಗೆ ನೇರ ಗೆರೆ ಎಳೀಬಹುದು, ಆ ಗೆರೆಯ ಒಳಗಿನ ನೀರು ಕೆರೆ ನೀರಿನ ಹಾಗೆ ದೇಶದ ಒಳನೀರು. ‘ತೀರದಿಂದ 12 ಮೈಲು’ ಅಂತ ಅನುವಾದ ಮಾಡಿದ್ರೆ ಇದೆಲ್ಲ ಕಾಣೆಯಾಗತ್ತೆ. ನಾನು ‘ಮೂಲರೇಖೆ’ ಅಂತೀನಿ. ಒಂದು ನಾಟಿಕಲ್ ಮೈಲು 1,852 ಮೀಟರ್, ಮೈಲಿ ಅಂತ ಮಾತ್ರ ಬರೆದು ಬಿಟ್ರೆ ಓದೋರು ರಸ್ತೆ ಲೆಕ್ಕ ಹಾಕ್ತಾರೆ.

*

ನಾನು ಮಲ್ಪೆಯವ, ಟ್ರಾಲ್ ಬೋಟು ಉಂಟು. ಪದ ಎಂತದ್ದೂ ಇರ್ಲಿ ಮಾರಾಯ್ರೆ, ಹೋದ ಸೀಸನ್ನಲ್ಲಿ ನಮ್ಮ ಬೋಟನ್ನ ಪಕ್ಕದ ರಾಜ್ಯದವ್ರು ನಮ್ಮ ನೀರಿಗೆ ಬಂದ್ರಿ ಅಂತ ಹಿಡ್ದು ಮೀನು ಪೂರಾ ಇಳಿಸಿದ್ರು. ತಂಡೇಲ ಹೇಳ್ತಾನೆ ಹತ್ತು ಮೈಲು ಇತ್ತು, ಸಮುದ್ರಕ್ಕೆ ಎಂತ ಬೇಲಿ ಉಂಟಾ ಅಂತ. ಇದಕ್ಕೆ ನಿಮ್ಮ ಮೂಲರೇಖೆ ಎಂತ ಹೇಳ್ತದೆ?

*

ಏನೂ ಹೇಳಲ್ಲ ಅಣ್ಣ, ಅದು ಕಡಲ ಕಡೆಗೆ ಅಳೆಯೋ ಗೆರೆ, ಇಬ್ರು ನೆರೆಯವರ ನಡುವಿನ ಗೆರೆ ಅಲ್ಲ. ಆದ್ರೆ 12 ನಿಮಗೆ ಸಂಬಂಧ ಪಡತ್ತೆ. ನಮ್ಮ ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯದ ಪಟ್ಟಿಲಿದೆ, ಪ್ರಾದೇಶಿಕ ಜಲದಾಚೆಗಿನ ಮೀನುಗಾರಿಕೆ ಮಾತ್ರ ಕೇಂದ್ರದ್ದು. ಹತ್ತು ಮೈಲು ಅಂದ್ರೆ ಯಾವುದೋ ಒಂದು ರಾಜ್ಯದ ಕಾನೂನು ನಡೆಯೋ ನೀರೇ.

ಅಂದಹಾಗೆ ‘ಪ್ರಾದೇಶಿಕ’ ನನಗೆ ಹಿಡಿಸಲ್ಲ, ಪ್ರಾದೇಶಿಕ ಪಕ್ಷ, ಪ್ರಾದೇಶಿಕ ಭಾಷೆ ಓದಿದ ಕಣ್ಣಿಗೆ ಅದು ಆ ಭಾಗದ ನೀರು ಅಂತ ಕಾಣತ್ತೆ, ದೇಶದ ಒಡೆತನದ ನೀರು ಅಂತ ಅಲ್ಲ. ‘ನಾಡಗಡಲು’ ಅಂದ್ರೆ?

*

ಕೇಳೋಕೆ ಚೆನ್ನಾಗಿದೆ, ಕೋರ್ಟಿನ ವಿಷಯ ಬರೆಯೋವಾಗ ನಡೆಯತ್ತಾ? ಮೂರನೇದಕ್ಕೆ ‘ಅನನ್ಯ’ನೂ ನನಗೆ ಒಗ್ಗಲ್ಲ, ಅನನ್ಯ ಭಕ್ತಿ ನೆನಪಾಗತ್ತೆ. ಅಲ್ಲಿ ಮೀನು, ಎಣ್ಣೆ, ಗ್ಯಾಸು ಇವುಗಳ ಮೇಲಿನ ಹಕ್ಕು ಮಾತ್ರ ಆ ದೇಶದ್ದು, ಹೊರಗಿನ ಹಡಗು ಆರಾಮಾಗಿ ಹೋಗಬಹುದು. ‘ಮೀಸಲು ಆರ್ಥಿಕ ವಲಯ’ ಅನ್ನೋಣ ಅಂದ್ರೆ ಮೀಸಲಾತಿ ಅಂದ್ಕೊಂಡಾರು.

*

ಎರಡನೇದಕ್ಕೆ ‘ಸಂಲಗ್ನ’ ಇರ್ಲಿ ಬಿಡಿ, ಅಲ್ಲಿ ಒಡೆತನ ಇಲ್ಲ, ಕಾವಲು ಮಾತ್ರ. ಕಸ್ಟಮ್ಸು, ವಲಸೆ, ತೆರಿಗೆ, ಸಾಂಕ್ರಾಮಿಕ ರೋಗ, ಇಂಥವನ್ನ ಒಳಗೆ ಬರೋ ಮುಂಚೆ ತಡೆಯೋಕೆ. ಈ ವಲಯಗಳ ಬಗ್ಗೆ ಇರೋ ನಮ್ಮ 1976ರ ಕಾಯ್ದೆ ಭದ್ರತೆನೂ ಸೇರಿಸಿದೆ, 1982ರ ವಿಶ್ವಸಂಸ್ಥೆಯ ಕಡಲ ಕಾನೂನಿನ ಒಪ್ಪಂದದ ಪಟ್ಟಿಲಿ ಅದಿಲ್ಲ, ಲೇಖನದಲ್ಲಿ ಎರಡನ್ನೂ ಒಂದೇ ಅಂತ ಬರೀಬೇಡಿ.

*

ಥ್ಯಾಂಕ್ಸ್ ಎಲ್ರಿಗೂ. ಸದ್ಯಕ್ಕೆ ‘ಮೂಲರೇಖೆಯಿಂದ 20.5 ನಾಟಿಕಲ್ ಮೈಲು, ಪ್ರಾದೇಶಿಕ ಜಲದ ಹೊರಗೆ, ಸಂಲಗ್ನ ವಲಯದ ಒಳಗೆ’ ಅಂತ ತಿದ್ದಿ ಕಳಿಸ್ತೀನಿ. ಮೂಲ ಲೇಖನದಲ್ಲಿ ‘ದಡದಿಂದ’ ಅಂತಲೇ ಇದೆ, ಅದನ್ನ ನಾನು ಮೂಲರೇಖೆ ಅಂತ ಮಾಡ್ಬಹುದಾ ಅನ್ನೋದೊಂದು ಎಡಿಟರ್ ಹತ್ರ ಕೇಳ್ಬೇಕು.